ಕಾರಕನ ಮಾತು ಎಷ್ಟು ಕೇಳಬೇಕು?

ಪ್ರತಿ ವರ್ಷ ಅಕ್ಟೋಬರ್ 17ರ ಸುಮಾರಿಗೆ ರವಿ ತುಲಾ ರಾಶಿಗೆ ಬರುತ್ತಾನೆ, ನವೆಂಬರ್ 16ರ ತನಕ ಅಲ್ಲೇ ಇರುತ್ತಾನೆ. ತುಲಾ ಅವನಿಗೆ ನೀಚ ರಾಶಿ. ರವಿ ಪಿತೃಕಾರಕ ಅನ್ನುವುದನ್ನು ಜಾತಕ ನೋಡಲು ಕಲಿಯುವವರು ಮೊದಲ ದಿನವೇ ಕೇಳಿಸಿಕೊಂಡಿರುತ್ತಾರೆ. ಎರಡನ್ನೂ ಸೇರಿಸಿದರೆ ಆ ತಿಂಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ತಂದೆಯ ಸುಖ ಕಡಿಮೆ ಎಂದಾಗಬೇಕು. ಅಂದರೆ ಭೂಮಿಯ ಮೇಲಿನ ಜನರಲ್ಲಿ ಹೆಚ್ಚುಕಡಿಮೆ ಹನ್ನೆರಡರಲ್ಲಿ ಒಂದು ಪಾಲು! ಹಳಬ ಜೋಯಿಸರು ಯಾರೂ ಹೀಗೆ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂದು ತಿಳಿದುಕೊಂಡರೆ ಕಾರಕ ವಿಚಾರದ ಮುಕ್ಕಾಲು ಪಾಲು ತಿಳಿದಂತೆ.

ಮೊದಲು ಪಟ್ಟಿ. ತಂದೆಗೆ ರವಿ, ತಾಯಿಗೆ ಚಂದ್ರ, ಒಡಹುಟ್ಟಿದವರಿಗೂ ಭೂಮಿಗೂ ಕುಜ, ವಿದ್ಯೆ ಮತ್ತು ಸೋದರಮಾವನಿಗೆ ಬುಧ, ಮಕ್ಕಳಿಗೂ ಧನಕ್ಕೂ ಗುರು, ಕಳತ್ರಕ್ಕೆ ಶುಕ್ರ, ಆಯುಸ್ಸಿಗೂ ದುಃಖಕ್ಕೂ ಶನಿ. ಇವು ನೈಸರ್ಗಿಕ ಕಾರಕಗಳು. ಯಾರ ಕುಂಡಲಿಯಾದರೂ ಇವು ಬದಲಾಗುವುದಿಲ್ಲ. ಉತ್ತರಕಾಲಾಮೃತದಂಥ ಗ್ರಂಥ ತೆರೆದರೆ ಒಂದೊಂದು ಗ್ರಹಕ್ಕೂ ಹತ್ತಾರು ವಸ್ತುಗಳ ಉದ್ದ ಪಟ್ಟಿ ಸಿಗುತ್ತದೆ. ಹೊಸಬರು ಅದನ್ನು ಬಾಯಿಪಾಠ ಮಾಡಲು ಕೂರುವುದು ಬೇಡ, ಈಗ ಹೇಳಿದ ಏಳು ಸಾಕು.

ಕಾರಕ ಊರ ಕೆರೆ ಇದ್ದ ಹಾಗೆ, ಭಾವ ಮನೆಯ ಬಾವಿ. ಕೆರೆ ಬತ್ತಿದ ವರ್ಷ ಊರಿನ ಬಾವಿಗಳಲ್ಲಿ ನೀರು ಇಳಿಯಬಹುದು, ಆದರೆ ಯಾರ ಬಾವಿಯಲ್ಲಿ ಎಷ್ಟು ಎಂಬುದನ್ನು ಆಯಾ ಬಾವಿಗೆ ಹಗ್ಗ ಬಿಟ್ಟೇ ನೋಡಬೇಕು. ರವಿ ಒಂದು ರಾಶಿಯಲ್ಲಿ ಒಂದು ತಿಂಗಳು ಇರುತ್ತಾನೆ, ಗುರು ಸುಮಾರು ಒಂದು ವರ್ಷ, ಶನಿ ಎರಡೂವರೆ ವರ್ಷ. ಲಗ್ನವಾದರೋ ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದ ಹನ್ನೆರಡು ಕೂಸುಗಳಿಗೆ ಕಾರಕರು ಬಹುಪಾಲು ಒಂದೇ ಜಾಗದಲ್ಲಿದ್ದರೂ ಭಾವಗಳು ಬೇರೆ ಬೇರೆ. ಆದ್ದರಿಂದ ಜಾತಕನ ಸ್ವಂತದ್ದು ಎನ್ನುವುದೆಲ್ಲ ಲಗ್ನದಿಂದ ಎಣಿಸಿದ ಮನೆಗಳಲ್ಲಿರುತ್ತದೆ. ಕಾರಕ ಆ ಮನೆಗೆ ಬಲ ಕೊಡಬಹುದು ಅಥವಾ ಕಸಿಯಬಹುದು, ಒಬ್ಬನೇ ನಿಂತು ತೀರ್ಪು ಕೊಡಲಾರ.

ಹಾಗಾಗಿ ನೋಡುವ ಕ್ರಮ ಹೀಗೆ: ಮೊದಲು ಭಾವ, ಅಲ್ಲಿ ಕೂತವರು ಯಾರು, ನೋಡುವವರು ಯಾರು, ಆಮೇಲೆ ಆ ಭಾವದ ಅಧಿಪತಿ ಎಲ್ಲಿದ್ದಾನೆ, ಹೇಗಿದ್ದಾನೆ, ಕೊನೆಗೆ ಕಾರಕ. ಬೆಂಗಳೂರಿನ ಬಿ.ವಿ. ರಾಮನ್ ‘ಹೌ ಟು ಜಡ್ಜ್ ಎ ಹೋರೋಸ್ಕೋಪ್’ ಪುಸ್ತಕದಲ್ಲಿ ಒಂದೊಂದು ಭಾವವನ್ನೂ ವಿಚಾರಿಸುವಾಗ ಇವನ್ನೇ ಎದುರಿಗಿಟ್ಟುಕೊಳ್ಳುತ್ತಾರೆ. ಇವುಗಳಲ್ಲಿ ಎರಡು ಒಂದೇ ಮಾತು ಹೇಳಿದರೆ ಮಾತ್ರ ಬಾಯಿ ತೆರೆಯಬೇಕು ಎಂಬುದು ನನ್ನ ಪಾಲಿಸಿ. ಗ್ರಹಗಳು ಮನುಷ್ಯನ ಬದುಕನ್ನು ನಡೆಸುತ್ತವೆ ಎನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಶಾಸ್ತ್ರದ ಒಳಗಿನ ತರ್ಕ, ಅದನ್ನು ಓದಿ ಸವಿಯುವ ಬಗೆ. ಈ ತರ್ಕ ಗೊತ್ತಿದ್ದವನಿಗೆ ಒಂದೇ ಗ್ರಹ ತೋರಿಸಿ ಹೆದರಿಸುವವರ ಟೊಳ್ಳು ಬೇಗ ಕಾಣಿಸುತ್ತದೆ, ಅದೇನು ಸಣ್ಣ ಲಾಭವಲ್ಲ.

ಈಗ ಒಂದು ಕುಂಡಲಿ ಹಾಕೋಣ, ಕಲ್ಪಿತದ್ದು. ದೀಪಾವಳಿ ಅಮಾವಾಸ್ಯೆಗೆ ಇನ್ನೂ ಹನ್ನೆರಡು ದಿನವಿದೆ, ಆಶ್ವಯುಜ ಬಹುಳ ತದಿಗೆ, ರಾತ್ರಿ ಹತ್ತೂವರೆ. ಲಗ್ನ ಮಿಥುನ. ರವಿ ತುಲಾದಲ್ಲಿ 10 ಡಿಗ್ರಿಯಲ್ಲಿ, ಅಂದರೆ ಪರಮ ನೀಚದಲ್ಲಿ. ಅವನ ಜೊತೆ 15 ಡಿಗ್ರಿಯಲ್ಲಿ ಶುಕ್ರ. ಬುಧ ಕನ್ಯಾದಲ್ಲಿ, ಚಂದ್ರ ವೃಷಭದಲ್ಲಿ 12 ಡಿಗ್ರಿ, ರೋಹಿಣಿ ನಕ್ಷತ್ರ. ಶನಿ ಕುಂಭದಲ್ಲಿ, ಗುರು ಮೀನದಲ್ಲಿ. ಕುಜ, ರಾಹು, ಕೇತುಗಳನ್ನು ಸದ್ಯಕ್ಕೆ ಬಿಡೋಣ.

ನಮ್ಮ ಕಡೆ ತಂದೆಯನ್ನು ಒಂಬತ್ತನೇ ಮನೆಯಿಂದ ನೋಡುವುದು ರೂಢಿ. ಹತ್ತನೇ ಮನೆಯಿಂದ ನೋಡುವವರೂ ಇದ್ದಾರೆ. ಯಾವುದನ್ನು ಹಿಡಿದರೂ ಕೊನೆಯ ತನಕ ಅದನ್ನೇ ಹಿಡಿಯಿರಿ, ಬೇಕಾದ ಫಲ ಬರುವ ತನಕ ಮನೆ ಬದಲಾಯಿಸುವುದು ಸಲ್ಲದು. ಮಿಥುನದಿಂದ ಒಂಬತ್ತನೆಯದು ಕುಂಭ. ಅಧಿಪತಿ ಶನಿ, ತನ್ನ ಮನೆಯಲ್ಲೇ ಕೂತಿದ್ದಾನೆ. ಭಾವವೂ ಅಧಿಪತಿಯೂ ಒಟ್ಟಿಗೆ ಗಟ್ಟಿ. ಶ್ರಮಜೀವಿ, ಮಾತು ಕಡಿಮೆ, ನಿಧಾನ, ಆದರೆ ನೆಲೆ ಬಿಟ್ಟು ಕದಲದ ತಂದೆ ಎಂದು ಓದಬಹುದು. ಇಷ್ಟಾದ ಮೇಲೆ ರವಿಯ ಹತ್ತಿರ ಬರಬೇಕು. ನೀಚನಾಗಿದ್ದಾನೆ, ಸರಿ. ಆದರೆ ಅವನು ಕೂತ ಮನೆಯ ಒಡೆಯ ಶುಕ್ರ ತನ್ನದೇ ಮನೆಯಲ್ಲಿ ಜೊತೆಗಿದ್ದಾನೆ. ತುಲಾದಲ್ಲಿ ಉಚ್ಚನಾಗುವ ಶನಿ ಚಂದ್ರನಿಂದ ಹತ್ತನೇ ಮನೆಯಲ್ಲಿ, ಅಂದರೆ ಕೇಂದ್ರದಲ್ಲಿ, ಇದ್ದಾನೆ. ಇದನ್ನು ನೀಚಭಂಗ ಎಂದು ಒಪ್ಪುವವರು ಹಲವರು. ಭಂಗವೆಂದರೆ ನೀಚತ್ವ ಅಳಿಸಿ ಹೋಯಿತೆಂದಲ್ಲ, ಮೊದಲು ತೊಡಕು ಬಂದು ಆಮೇಲೆ ದಾರಿ ಸಿಗುತ್ತದೆ ಎಂದು. ತಂದೆಗೆ ಬರಬೇಕಾದ ಪದವಿಯೋ ಮನ್ನಣೆಯೋ ತಡವಾಗಿ ಬಂದೀತು. ಆಯುಸ್ಸಿನ ಮಾತು ಇಲ್ಲಿಂದ ಏಳುವುದೇ ಇಲ್ಲ, ಅದಕ್ಕೆ ಭಾವ ಗಟ್ಟಿಯಿದೆ.

ಹೊಸಬರು ಮರೆಯುವ ಒಂದು ಸಂಗತಿ ಇಲ್ಲೇ ಇದೆ. ರವಿ ಎಲ್ಲರಿಗೂ ಪಿತೃಕಾರಕ, ಆದರೆ ಮಿಥುನ ಲಗ್ನದವರಿಗೆ ಅವನು ಸಿಂಹಕ್ಕೆ ಒಡೆಯನಾಗಿ ಮೂರನೇ ಮನೆಯ ಅಧಿಪತಿಯೂ ಹೌದು. ಮೂರು ಒಡಹುಟ್ಟಿದವರ ಮನೆ. ಅವನ ಸೊರಗು ತಂದೆಗಿಂತ ತಮ್ಮ ತಂಗಿಯರ ಕಡೆ ಹೆಚ್ಚು ಬಿದ್ದಿರಬಹುದು. ಕಾರಕನ ಬಲಹೀನತೆ ಕಂಡ ಕೂಡಲೇ ಅವನಿಗೆ ಈ ಕುಂಡಲಿಯಲ್ಲಿ ಬೇರೆ ಯಾವ ಮನೆಯ ಜವಾಬ್ದಾರಿ ಇದೆ ಎಂದು ಕೇಳಿಕೊಳ್ಳದಿದ್ದರೆ ಇಡೀ ಫಲ ತಪ್ಪು ವಿಳಾಸಕ್ಕೆ ಹೋಗುತ್ತದೆ.

ಕಾರಕನನ್ನು ಬಳಸುವ ಇನ್ನೊಂದು ರೀತಿ ನನಗೆ ಹೆಚ್ಚು ಇಷ್ಟ: ಅವನಿರುವ ರಾಶಿಯನ್ನೇ ಲಗ್ನ ಮಾಡಿಕೊಂಡು ಎಣಿಸುವುದು. ತಂದೆಗೆ ರವಿಯಿಂದ ಒಂಬತ್ತು, ತಾಯಿಗೆ ಚಂದ್ರನಿಂದ ನಾಲ್ಕು, ಮಕ್ಕಳಿಗೆ ಗುರುವಿನಿಂದ ಐದು, ಕಳತ್ರಕ್ಕೆ ಶುಕ್ರನಿಂದ ಏಳು. ನಮ್ಮ ಕುಂಡಲಿಯಲ್ಲಿ ತುಲಾದಿಂದ ಒಂಬತ್ತನೆಯದು ಮಿಥುನ, ಜಾತಕನ ಲಗ್ನವೇ! ತಂದೆಯ ಭಾಗ್ಯಕ್ಕೂ ಈ ಕೂಸಿಗೂ ನಂಟು ಬಲವಾಗಿದೆ. ಅದರ ಒಡೆಯ ಬುಧ ತನ್ನ ಕನ್ಯಾದಲ್ಲಿ ಬಲವಾಗಿದ್ದರೂ ರವಿಯಿಂದ ಹನ್ನೆರಡನೆಯವನು. ತಂದೆ ದುಡಿಮೆಗಾಗಿ ಊರು ಬಿಡುವ ಸೂಚನೆಯೆಂದು ಇದನ್ನು ಓದುವವರುಂಟು. ಲಗ್ನದಿಂದ ಬಂದ ಚಿತ್ರಕ್ಕೆ ಇದು ಬಣ್ಣ ತುಂಬುತ್ತದೆ, ಚಿತ್ರವನ್ನು ಬದಲಿಸುವುದಿಲ್ಲ.

ರಾತ್ರಿ ಜನನವೆಂದು ಬೇಕೆಂದೇ ಆರಿಸಿಕೊಂಡೆ. ವರಾಹಮಿಹಿರನ ಬೃಹಜ್ಜಾತಕದ ಪ್ರಕಾರ ಹಗಲು ಹುಟ್ಟಿದವರಿಗೆ ತಂದೆ ರವಿ, ತಾಯಿ ಶುಕ್ರ. ರಾತ್ರಿ ಹುಟ್ಟಿದವರಿಗೆ ತಂದೆ ಶನಿ, ತಾಯಿ ಚಂದ್ರ. ಈ ಭೇದ ಈಗ ಬಳಕೆಯಲ್ಲಿ ಸವೆದುಹೋಗಿದೆ, ಹೊಸ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿಯೂ ಕಾಣುವುದು ಅಪರೂಪ. ಆದರೆ ಈ ಕುಂಡಲಿಗೆ ಹಚ್ಚಿ ನೋಡಿ: ಕಾರಕ ಶನಿಯಾದ, ಅವನೇ ಒಂಬತ್ತರ ಒಡೆಯ, ಒಂಬತ್ತರಲ್ಲೇ ಇದ್ದಾನೆ. ರವಿಯ ನೀಚದ ಗದ್ದಲವೇ ಇಲ್ಲ. ಕಾರಕ ಎನ್ನುವುದು ಆಕಾಶದಲ್ಲಿ ಅಚ್ಚೊತ್ತಿ ಇಟ್ಟದ್ದಲ್ಲ, ಪರಂಪರೆ ಆರಿಸಿಕೊಂಡದ್ದು ಎಂಬುದು ಇಲ್ಲಿ ತಿಳಿಯುತ್ತದೆ.

ಫಲ ಯಾವಾಗ? ಅದಕ್ಕೆ ದೆಸೆ ನೋಡಬೇಕು. ರೋಹಿಣಿಯಲ್ಲಿ ಹುಟ್ಟಿದವರಿಗೆ ಚಂದ್ರದೆಸೆಯಿಂದ ಆರಂಭ. ಇಲ್ಲಿ ಚಂದ್ರ ರೋಹಿಣಿಯಲ್ಲಿ ಎರಡು ಡಿಗ್ರಿ ಮಾತ್ರ ದಾಟಿದ್ದರಿಂದ ಹತ್ತು ವರ್ಷದಲ್ಲಿ ಎಂಟೂವರೆ ಉಳಿಯುತ್ತದೆ. ಆಮೇಲೆ ಕುಜ ಏಳು, ರಾಹು ಹದಿನೆಂಟು. ರವಿಯ ಮಹಾದೆಸೆ ಸರದಿಯ ಕೊನೆಗೆ, ನೂರು ದಾಟಿದ ಮೇಲೆ. ಜಾತಕನು ಅದನ್ನು ಕಾಣುವುದೇ ಇಲ್ಲ. ಸಿಗುವುದು ಭುಕ್ತಿಗಳು. ರಾಹುದೆಸೆಯಲ್ಲಿ ರವಿಭುಕ್ತಿ ಜಾತಕನಿಗೆ ಮೂವತ್ತಾಗುವ ಹೊತ್ತಿಗೆ ಬಂದು ಹತ್ತು ತಿಂಗಳು 24 ದಿನ ಇರುತ್ತದೆ. ನೀಚ ರವಿಯ ಬಗ್ಗೆ ಏನಾದರೂ ಹೇಳುವುದಿದ್ದರೆ ಇಂಥ ತುಂಡು ಕಾಲಕ್ಕೆ ಹೇಳಬೇಕು, ಇಡೀ ಬದುಕಿಗಲ್ಲ.

ಅದೇ ಕುಂಡಲಿಯಲ್ಲಿ ಈಗ ಮದುವೆಯನ್ನು ನೋಡೋಣ. ಏಳನೇ ಮನೆ ಧನು, ಒಡೆಯ ಗುರು ಹತ್ತರಲ್ಲಿ ಸ್ವಕ್ಷೇತ್ರದಲ್ಲಿ. ಭಾವದ ಕಡೆಯಿಂದ ಒಳ್ಳೆಯದೇ. ಕಾರಕ ಶುಕ್ರ ತನ್ನ ತುಲಾದಲ್ಲಿ ಇದ್ದಾನೆ, ಆದರೆ ರವಿಗೆ ಐದೇ ಡಿಗ್ರಿ ಹತ್ತಿರ. ಹತ್ತು ಡಿಗ್ರಿಯೊಳಗೆ ಬಂದರೆ ಶುಕ್ರ ಅಸ್ತಂಗತನೆಂದು ಲೆಕ್ಕ. ಶುಕ್ರ ರವಿಯಿಂದ 47 ಡಿಗ್ರಿಗಿಂತ ಹೆಚ್ಚು ದೂರ ಹೋಗುವುದೇ ಇಲ್ಲವಾದ್ದರಿಂದ ಅಸ್ತ ಅವನಿಗೆ ಅಪರೂಪದ ಅವಘಡವಲ್ಲ. ಮನೆ ಸ್ವಂತದ್ದಾದರೂ ಮುಖ ಕಾಣದವನು ಎಂದು ಓದಿ. ದಾಂಪತ್ಯ ಗಟ್ಟಿ, ಪ್ರೀತಿ ತೋರಿಕೆಯಲ್ಲಿ ಕಡಿಮೆ.

ಇನ್ನು ಕಾರಕ ಭಾವನಾಶ. ಕಾರಕ ತನ್ನದೇ ಭಾವದಲ್ಲಿ ಕೂತರೆ ಆ ಭಾವ ಕೆಡುತ್ತದೆ, ಏಳರಲ್ಲಿ ಶುಕ್ರನಿದ್ದರೆ ಮದುವೆಗೆ ತೊಂದರೆ ಎಂದು ಹೇಳುವುದನ್ನು ನೀವು ಕೇಳಿರುತ್ತೀರಿ. ದಿನದಲ್ಲಿ ಸುಮಾರು ಎರಡು ಗಂಟೆ ಕಾಲ ಹುಟ್ಟುವ ಎಲ್ಲರಿಗೂ ಶುಕ್ರ ಏಳರಲ್ಲೇ ಇರುತ್ತಾನೆ, ಪ್ರತಿ ದಿನವೂ. ಎಂಟರಲ್ಲಿ ಶನಿಯಿದ್ದರೆ ಆಯುಸ್ಸು ಹೆಚ್ಚು ಎಂದು ಅದೇ ಶಾಸ್ತ್ರ ಹೇಳುತ್ತದೆ, ಶನಿ ಆಯುಷ್ಕಾರಕನೇ ಆದರೂ. ಈ ಸೂತ್ರವನ್ನು ಆ ಗ್ರಹಕ್ಕೆ ಪಾಪಗ್ರಹದ ಸೇರಿಕೆ, ನೀಚ ಅಥವಾ ಅಸ್ತ ಇದ್ದಾಗ ಮಾತ್ರ ಎತ್ತುವುದು ಲೇಸು.

ಕೊನೆಗೊಂದು ಪ್ರಶ್ನೆ ಉಳಿಯಿತು: ಈ ಕೂಸು ಹೆಣ್ಣೋ ಗಂಡೋ ಎಂದು ನಾನು ಹೇಳಲಿಲ್ಲ. ಗಂಡಾದರೆ ಕಳತ್ರಕಾರಕ ಶುಕ್ರ, ಮೇಲೆ ಓದಿದ್ದು ಹಾಗೇ ನಿಲ್ಲುತ್ತದೆ. ಹೆಣ್ಣಾದರೆ ಪತಿಕಾರಕ ಗುರು ಎಂದು ಬಹುತೇಕರು ಹಿಡಿಯುತ್ತಾರೆ. ಆಗ ಏಳರ ಒಡೆಯನೂ ಅವನೇ, ಕಾರಕನೂ ಅವನೇ, ಇಬ್ಬರ ಕೆಲಸ ಒಬ್ಬನಲ್ಲಿ ಸೇರಿ ಕೇಂದ್ರದಲ್ಲಿ ಬಲವಾಗಿ ಕೂತಿದೆ. ಹಾಗಾದಾಗ ಅಸ್ತಂಗತ ಶುಕ್ರನ ಮಾತನ್ನು ಆಭರಣ, ವಾಹನ, ಅಲಂಕಾರಗಳ ಲೆಕ್ಕಕ್ಕೆ ಬಿಟ್ಟು ಮದುವೆಯ ವಿಷಯದಿಂದ ಕೈಬಿಡಬಹುದು.