ಪಾದಕ್ಕಿಂತ ಮೊದಲು ಕಣ್ಣು

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಕೂತು ತಿನ್ನುವ ಏರ್ಪಾಡಿಲ್ಲ. ಇಡ್ಲಿ-ವಡೆ ತಟ್ಟೆ ಹಿಡಿದು ಹೊರಗೆ ನಿಲ್ಲಬೇಕು. ನಿಂತ ಮನುಷ್ಯ ನಿಂತಲ್ಲೇ ಹೇಗೆ ತಿರುಗುತ್ತಾನೆ ಎಂದು ನೋಡಲು ಬಸವನಗುಡಿಯ ಆಸುಪಾಸಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಅನಿಮೇಷನ್ ಕಲಿಯುವವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ.

ಬಲಗಡೆ ಹಿಂದಿನಿಂದ ಯಾರೋ "ಗುರೂ, ಇಲ್ಲಿ" ಅಂತಾರೆ. ತಟ್ಟೆ ಹಿಡಿದವರ ಕಣ್ಣು ಮೊದಲು ಹೊರಳುತ್ತದೆ, ಹಿಂದೆಯೇ ತಲೆ. ಆಮೇಲೆ ಭುಜ. ತಟ್ಟೆಯಂತೂ ಚಟ್ನಿ ಚೆಲ್ಲಬಾರದೆಂದು ಇನ್ನೂ ಹಿಂದೆ ಉಳಿದಿರುತ್ತದೆ. ಭಾರ ಎಡಗಾಲಿಗೆ ಹೋಗಿ, ಹಗುರಾದ ಬಲಪಾದ ಹಿಮ್ಮಡಿಯ ಮೇಲೆ ಹೊರಕ್ಕೆ ತೆರೆಯುತ್ತದೆ. ಭಾರ ಬಲಗಾಲಿಗೆ ಬಂದ ಮೇಲೆಯೇ ಎಡ ಹಿಮ್ಮಡಿ ಏಳುವುದು, ಎಡಪಾದ ಮುಂಗಾಲಿನ ಮೇಲೆ ಹೊರಳಿ ಜೊತೆ ಸೇರುವುದು. ಕರೆದವರು ಹತ್ತಿರದ ಕೋನದಲ್ಲೇ ಇದ್ದರೆ ಎಡಪಾದ ಹೊರಳುವುದೇ ಇಲ್ಲ, ಹಿಮ್ಮಡಿ ಎದ್ದು ಕೂರುತ್ತದೆ ಅಷ್ಟೇ.

ಈ ಕಣ್ಣಿಟ್ಟುಕೊಂಡು ಎಪಿಕ್ ಕಂಪನಿಯ ಲೈರಾ ನೋಡಬೇಕು. 2022ರಲ್ಲಿ ಅನ್‌ರಿಯಲ್ ಎಂಜಿನ್ 5ರ ಜೊತೆ ಬಂದ ಮಾದರಿ ಗೇಮ್ ಅದು. ಅದರ ತಿರುಗುವ ವ್ಯವಸ್ಥೆಯನ್ನು ಹಾಗೇ ಎತ್ತಿಕೊಂಡು ಕಲಿಯುವವರು ಬಹಳ. ಅಲ್ಲಿ ಮೌಸ್ ತಿರುಗಿದ ಕೂಡಲೇ ಪಾತ್ರದ ಒಳಗಿನ ದಿಕ್ಕು ತಿರುಗಿಬಿಡುತ್ತದೆ. ಕಣ್ಣಿಗೆ ಕಾಣುವ ದೇಹವನ್ನು ಮಾತ್ರ ಅಷ್ಟೇ ಕೋನ ಹಿಂದಕ್ಕೆ ತಿರುಗಿಸಿ, ಪಾದ ನೆಲಕ್ಕೆ ಅಂಟಿದಂತೆ ಉಳಿಸುತ್ತಾರೆ. ಎದೆ ಮತ್ತು ಬಂದೂಕು ಆ ವ್ಯತ್ಯಾಸವನ್ನು ಬೆನ್ನುಮೂಳೆಯ ತಿರುಚಿನಿಂದ ತುಂಬಿಕೊಳ್ಳುತ್ತವೆ:

```
RootYawOffset = RootYawOffset - DeltaYaw
AimYaw = -RootYawOffset
```

ವ್ಯತ್ಯಾಸ 50 ಡಿಗ್ರಿ ದಾಟಿದರೆ ಕಾಲು ತಿರುಗಿಸುವ ಕ್ಲಿಪ್ ಶುರುವಾಗುತ್ತದೆ. ಆ ಕ್ಲಿಪ್ 90 ಡಿಗ್ರಿಯದು. `RemainingTurnYaw` ಎಂಬ ಕರ್ವ್ ಇನ್ನೆಷ್ಟು ತಿರುಗಬೇಕೆಂದು ಫ್ರೇಮ್ ಫ್ರೇಮಿಗೂ ಹೇಳುತ್ತಾ ಹೋಗುತ್ತದೆ, ಅಷ್ಟಷ್ಟೇ ವ್ಯತ್ಯಾಸ ಕರಗುತ್ತದೆ. ಕರಗುವ ವೇಗ ಕ್ಲಿಪ್ಪಿನ ಕಾಲಿನ ಚಲನೆಗೆ ಸರಿಯಾಗಿ ಹೊಂದಿರುವುದರಿಂದ ಪಾದ ಜಾರುವುದಿಲ್ಲ. ಇದು ನಿಜಕ್ಕೂ ಚೆಂದದ ಕೆಲಸ. ಕ್ಲಿಪ್ ಶುರುವಾದ ಮೇಲೂ ಆಟಗಾರ ಮೌಸ್ ಆಡಿಸಬಹುದು, ಲೆಕ್ಕ ಕೆಡುವುದಿಲ್ಲ.

ಕೆಡುವುದು ಬೇರೆ ಕಡೆ. ಮೌಸನ್ನು ಬಲಕ್ಕೆ 55 ಡಿಗ್ರಿಗೆ ತಿರುಗಿಸಿ ನಿಲ್ಲಿಸಿ. ವ್ಯತ್ಯಾಸ −55. ಕ್ಲಿಪ್ ಪೂರ್ತಿ 90 ತಿರುಗಿಸುವುದರಿಂದ ಕೊನೆಗೆ ಉಳಿಯುವುದು +35. ಅಂದರೆ ಪಾದ ಗುರಿಯನ್ನು ದಾಟಿ 35 ಡಿಗ್ರಿ ಆಚೆ ಹೋಗಿ ನಿಲ್ಲುತ್ತದೆ, ಎದೆ ಎಡಕ್ಕೆ ತಿರುಚಿಕೊಂಡು ಗುರಿ ನೋಡುತ್ತದೆ. ಪರದೆಯ ಮೇಲೆ ಗುರುತಿಸುವುದು ಸುಲಭ: ಪಾತ್ರ ನಿಂತಮೇಲೆ ಕಾಲ್ಬೆರಳೊಂದು ಕಡೆ, ಗುಂಡಿಗೆಯೊಂದು ಕಡೆ. 50 ಎಂಬ ಸಂಖ್ಯೆಯ ಗುಟ್ಟೂ ಇಲ್ಲೇ ಇದೆ. ಮಿತಿಯನ್ನು 40ಕ್ಕೆ ಇಳಿಸಿದಿರೆನ್ನಿ, 42ಕ್ಕೆ ಶುರುವಾದ ತಿರುವು 48 ಡಿಗ್ರಿ ಆಚೆ ಹೋಗುತ್ತದೆ. ಅದೂ ಮಿತಿ ದಾಟಿತಲ್ಲ, ಪಾತ್ರ ತಕ್ಷಣ ವಾಪಸ್ ತಿರುಗುತ್ತದೆ, ಮತ್ತೆ ಈ ಕಡೆ, ಮತ್ತೆ ಆ ಕಡೆ. 90ರ ಕ್ಲಿಪ್ಪಿಗೆ ಮಿತಿ 45ಕ್ಕಿಂತ ಮೇಲೇ ಇರಬೇಕು. ಪಾತ್ರ ಚುರುಕಾಗಿರಲಿ ಎಂದು ಮಿತಿ ಇಳಿಸಿ, ಈ ಕುಣಿತ ಯಾಕೆಂದು ತಿಳಿಯದೆ ಕೂತ ವಿದ್ಯಾರ್ಥಿಗಳನ್ನು ಕಂಡಿದ್ದೇನೆ.

ತಿರುವನ್ನು 55ಕ್ಕೆ ಕುಗ್ಗಿಸಿದರಾಯಿತಲ್ಲ ಎನ್ನಬಹುದು. ಆದರೆ ನೆಲದ ಮೇಲಿನ ಪಾದ 90 ಡಿಗ್ರಿಗೆಂದೇ ದೇಹದಡಿ ಹಿಂದಕ್ಕೆ ಹೊರಳುವಂತೆ ಮಾಡಿದ್ದು. ದೇಹ 55 ಮಾತ್ರ ತಿರುಗಿದರೆ ಉಳಿದ 35 ಡಿಗ್ರಿಯನ್ನು ಪಾದ ನೆಲದ ಮೇಲೆ ಜಾರಿ ತೀರಿಸುತ್ತದೆ. ಹಾಗೆ ಕುಗ್ಗಿಸುವುದಾದರೆ ಊರಿದ ಪಾದವನ್ನು ಐಕೆಯಿಂದ ಜಾಗದಲ್ಲೇ ಹಿಡಿದಿಡಬೇಕು. ನನ್ನ ಮಟ್ಟಿಗೆ, 45 ಡಿಗ್ರಿಯದೇ ಇನ್ನೊಂದು ಕ್ಲಿಪ್ ಮಾಡುವುದು ವಾಸಿ: ಬಲಪಾದ ತೆರೆದು, ಎಡಗಾಲಿನಲ್ಲಿ ಬರೀ ಹಿಮ್ಮಡಿ ಎದ್ದು ಕೂರುವಂಥದ್ದು. ಕಾಫಿ ಬಾರ್‌ನಲ್ಲಿ ದಿನವೂ ಕಾಣುವುದು ಅದೇ.

ನನ್ನ ದೊಡ್ಡ ತಕರಾರು ಮೇಲ್ದೇಹದ ಬಗ್ಗೆ. ಲೈರಾದಲ್ಲಿ ಎದೆ, ಭುಜ, ತಲೆ ಎಲ್ಲವೂ ಮೌಸಿನ ಜೊತೆಗೇ, ಒಂದೇ ವೇಗದಲ್ಲಿ ಹೋಗುತ್ತವೆ. ಬಂದೂಕು ಹಿಡಿದವನಿಗೆ ಅದು ಸರಿ, ಗುಂಡು ಗುರಿಗೆ ಹೋಗಲೇಬೇಕು. ಅದೇ ವ್ಯವಸ್ಥೆಯನ್ನು ಗಾಂಧಿ ಬಜಾರಿನ ಹೂವಮ್ಮನಂಥ ಪಾತ್ರಕ್ಕೆ ಹಾಕಿದರೆ ಅವಳು ಕಂಬದಂತೆ ತಿರುಗುತ್ತಾಳೆ, ನಮ್ಮನ್ನು ಗಮನಿಸಿದಳು ಅನ್ನಿಸುವುದೇ ಇಲ್ಲ. ಅಂಥ ಪಾತ್ರಕ್ಕೆ ಒಂದೇ `AimYaw` ಸಾಲದು. ಗುರಿಯ ಕೋನವನ್ನು ಕಣ್ಣಿಗೆ ನೇರವಾಗಿ ಕೊಟ್ಟು, ತಲೆಗೆ ತುಸು ತಡವಾಗಿ, ಎದೆಗೆ ಇನ್ನೂ ತಡವಾಗಿ ತಲುಪಿಸಬೇಕು. ಕಾಲಿನ ಕ್ಲಿಪ್ ಶುರುವಾಗುವ ಮಿತಿಯನ್ನೂ ಮೌಸಿನ ಕೋನದಿಂದಲ್ಲ, ಎದೆ ತಲುಪಿದ ಕೋನದಿಂದ ಅಳೆಯಬೇಕು. ಆಗ ಹೂವಮ್ಮ ಮೊದಲು ನಮ್ಮ ಕಡೆ ನೋಡುತ್ತಾಳೆ, ಮೊಳ ಅಳೆಯುತ್ತಿದ್ದ ಕೈ ಕ್ಷಣ ಅಲ್ಲೇ ನಿಲ್ಲುತ್ತದೆ, ಆಮೇಲೆ ಪಾದ ಹೊರಳುತ್ತದೆ.