ಬೆನ್ನುನೋವಿನ ಮಾತ್ರೆ ದಿನಕ್ಕೆ ಮೂರು ಬಾರಿ ಏಕೆ?

ಅಮೆರಿಕದಲ್ಲಿ ಸೊಂಟ ಹಿಡಿದುಕೊಂಡು ವೈದ್ಯರ ಬಳಿ ಹೋದವರ ಚೀಟಿಯಲ್ಲಿ ಹಲವು ಬಾರಿ ಎರಡು ಔಷಧಿಗಳಿರುತ್ತವೆ. ಒಂದು, ನೋವು ಮತ್ತು ಊತಕ್ಕೆ ನ್ಯಾಪ್ರಾಕ್ಸೆನ್‌ನಂಥದ್ದು. ಇನ್ನೊಂದು, ಬಿಗಿದ ಸ್ನಾಯುವನ್ನು ಸಡಿಲಿಸಲೆಂದು ಸೈಕ್ಲೊಬೆನ್ಜಪ್ರಿನ್, ದಿನಕ್ಕೆ ಮೂರು ಬಾರಿ. 1977ರಲ್ಲಿ ಫ್ಲೆಕ್ಸೆರಿಲ್ ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಈ ಮಾತ್ರೆ ನಿಷ್ಪ್ರಯೋಜಕವಲ್ಲ. ಅದನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಯಾಂತ್ರಿಕವಾಗಿ ಬರೆದುಕೊಡುವ ರೂಢಿಯ ಬಗ್ಗೆ ಮಾತ್ರ ನನಗೆ ಗಂಭೀರ ಆಕ್ಷೇಪವಿದೆ.

ಸ್ನಾಯು ಸಡಿಲಿಸುವ ಔಷಧಿ ಎಂದು ಕರೆದರೂ ಇದು ಸ್ನಾಯುವಿನ ಮೇಲಾಗಲಿ, ನರವು ಸ್ನಾಯುವನ್ನು ಸೇರುವ ಜಾಗದಲ್ಲಾಗಲಿ ನೇರವಾಗಿ ಕೆಲಸ ಮಾಡುವುದಿಲ್ಲ. ಮುಖ್ಯವಾಗಿ ಮಿದುಳಿನ ಕಾಂಡದ ಮಟ್ಟದಲ್ಲಿ, ಸ್ನಾಯುಗಳನ್ನು ಬಿಗಿಯಾಗಿಡುವ ಆಜ್ಞೆಯನ್ನೇ ತಗ್ಗಿಸುತ್ತದೆ. ಇದರ ರಾಸಾಯನಿಕ ರಚನೆಯನ್ನು ಅಮಿಟ್ರಿಪ್ಟಿಲಿನ್‌ನ ಪಕ್ಕದಲ್ಲಿಟ್ಟರೆ ಬೇರೆ ಮಾಡುವುದೇ ಕಷ್ಟ. ಎರಡರಲ್ಲೂ ಒಂದಕ್ಕೊಂದು ಅಂಟಿದ ಮೂರು ಉಂಗುರಗಳು, ಎರಡಕ್ಕೂ ಅದೇ ಬಾಲ. ನಡುವಿನ ಉಂಗುರದಲ್ಲಿ ಅಮಿಟ್ರಿಪ್ಟಿಲಿನ್‌ಗೆ ಒಂಟಿ ಬಂಧವಿರುವ ಕಡೆ ಇದಕ್ಕೆ ಜೋಡಿ ಬಂಧವಿದೆ, ಹಾಗಾಗಿ ಎರಡು ಹೈಡ್ರೋಜನ್ ಪರಮಾಣು ಕಡಿಮೆ. ಅಮಿಟ್ರಿಪ್ಟಿಲಿನ್ ಎಂದರೆ ಖಿನ್ನತೆಗೆ ಬಂದು, ಈಗ ನಮ್ಮೂರುಗಳಲ್ಲೂ ತಲೆನೋವಿಗೆ, ಸಕ್ಕರೆ ಕಾಯಿಲೆಯವರ ಕಾಲುರಿಗೆ ರಾತ್ರಿ ಹೊತ್ತು ಕೊಡುವ ಹಳೆಯ ಟ್ರೈಸೈಕ್ಲಿಕ್ ಮಾತ್ರೆ. ಆ ಗುಂಪಿನ ಔಷಧಿ ದೇಹದಲ್ಲಿದೆಯೇ ಎಂದು ನೋಡುವ ಸಾಮಾನ್ಯ ಪರೀಕ್ಷೆಗಳು ಸೈಕ್ಲೊಬೆನ್ಜಪ್ರಿನ್ ನುಂಗಿದವರಲ್ಲೂ ಇದೆ ಎಂದು ತೋರಿಸಿಬಿಡಬಹುದು.

ನಿದ್ದೆ ಮತ್ತು ಬಾಯಿ ಒಣಗುವುದು ಈ ನಂಟಿನಿಂದಲೇ ಬಂದವು. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ನ ಕೆಲಸವನ್ನು ಈ ಅಣು ತಡೆಯುತ್ತದೆ, ಜೊಂಪು ಹತ್ತುತ್ತದೆ. ಜೊಲ್ಲಿನ ಗ್ರಂಥಿಗಳಿಗೆ ಸ್ರವಿಸಿ ಎಂದು ಹೇಳುವ ಅಸಿಟೈಲ್‌ಕೋಲಿನ್ ಅನ್ನೂ ತಡೆಯುತ್ತದೆ, ಬಾಯಿ ಅಂಟಂಟಾಗುತ್ತದೆ. ನೀರು ಕುಡಿದರೆ ಗಳಿಗೆ ಹೊತ್ತು ಹಿತವೆನಿಸಬಹುದು, ಆದರೆ ಗ್ರಂಥಿಗೆ ಹೋಗುವ ಆಜ್ಞೆಯೇ ತಡೆದಿರುವುದರಿಂದ ಜೊಲ್ಲು ಮರಳುವುದಿಲ್ಲ. ಅದೇ ಅಸಿಟೈಲ್‌ಕೋಲಿನ್ ಮೂತ್ರಕೋಶವನ್ನು ಹಿಂಡುತ್ತದೆ, ಕರುಳನ್ನು ನಡೆಸುತ್ತದೆ, ನೆನಪಿಗೂ ಬೇಕು. ಆದ್ದರಿಂದ ಒಣಗಿದ ಬಾಯನ್ನು ಸಣ್ಣ ಕಿರಿಕಿರಿ ಎಂದು ಪಕ್ಕಕ್ಕೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. ದೇಹದ ಉಳಿದ ಕಡೆಯೂ ಈ ತಡೆ ಎಷ್ಟು ಬಲವಾಗಿದೆ ಎಂಬುದಕ್ಕೆ ರೋಗಿಗೆ ತಾನಾಗಿ ಸಿಗುವ ಮೊದಲ ಸುಳಿವು ಅದು.

ಔಷಧಿಯ ಅಧಿಕೃತ ಮಾಹಿತಿ ಪತ್ರವೇ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. 10 ಮಿಲಿಗ್ರಾಂ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 38 ಜನರಿಗೆ ನಿದ್ದೆ ಬಂತು, ಶೇ. 32 ಜನರಿಗೆ ಬಾಯಿ ಒಣಗಿತು. 5 ಮಿಲಿಗ್ರಾಂನಲ್ಲಿ ಇವು ಶೇ. 29 ಮತ್ತು 21ಕ್ಕೆ ಇಳಿದವು. ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 10 ಮತ್ತು 7 ಮಾತ್ರ. ಗುಣ ನೋಡಿದರೆ 5 ಮಿಲಿಗ್ರಾಂ ಕೂಡ 10ರಷ್ಟೇ ಕೆಲಸ ಮಾಡಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಇಷ್ಟು ತಿಳಿದ ಮೇಲೂ ಮೊದಲ ದಿನದಿಂದಲೇ 10 ಮಿಲಿಗ್ರಾಂ ಬರೆಯುವುದಕ್ಕೆ ಅಭ್ಯಾಸಬಲವಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇನ್ನು ದಿನಕ್ಕೆ ಮೂರು ಬಾರಿಯ ಲೆಕ್ಕ. ರಕ್ತದಲ್ಲಿರುವ ಈ ಔಷಧಿ ಅರ್ಧಕ್ಕೆ ಇಳಿಯಲು ಸರಾಸರಿ 18 ಗಂಟೆ ಬೇಕು, ಕೆಲವರಿಗೆ ಅದರ ಎರಡರಷ್ಟು. ಎಂಟು ಗಂಟೆಗೊಮ್ಮೆ ನುಂಗಿದರೆ ಹಿಂದಿನ ಮಾತ್ರೆಯ ಹೆಚ್ಚಿನ ಪಾಲು ಒಳಗಿರುವಾಗಲೇ ಮುಂದಿನದು ಸೇರುತ್ತದೆ. ಮೂರು ನಾಲ್ಕು ದಿನಗಳಲ್ಲಿ ರಕ್ತದ ಮಟ್ಟ ಒಂದೇ ಮಾತ್ರೆಯಿಂದ ಬರುವ ಮಟ್ಟದ ಸುಮಾರು ನಾಲ್ಕರಷ್ಟಾಗುತ್ತದೆ. ಇತ್ತ 2001ರಲ್ಲಿ 14 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ, ಬೆನ್ನುನೋವಿಗೆ ಇದರಿಂದ ನಿಜವಾದ ಲಾಭವಿದೆ, ಆದರೆ ಅದು ಮೊದಲ ನಾಲ್ಕು ದಿನಗಳಲ್ಲೇ ಹೆಚ್ಚು ಎಂದಿತು. ಎರಡನ್ನೂ ಜೊತೆಗಿಟ್ಟು ನೋಡಬೇಕು: ರಕ್ತದಲ್ಲಿ ಔಷಧಿ ಪೂರ್ತಿ ತುಂಬಿಕೊಳ್ಳುವ ಹೊತ್ತಿಗೆ ಅದರಿಂದಾಗುವ ಉಪಯೋಗ ಇಳಿಮುಖವಾಗಿರುತ್ತದೆ. ಮಾಹಿತಿ ಪತ್ರ ಎರಡು ಮೂರು ವಾರಗಳ ಮಿತಿ ಹಾಕಿದೆ. ಅಷ್ಟು ದಿನವೂ ಏಕೆ ಎಂಬುದು ನನ್ನ ಪ್ರಶ್ನೆ.

ನ್ಯಾಪ್ರಾಕ್ಸೆನ್ ಜೊತೆಗೆ ಇದನ್ನು ಸೇರಿಸುವುದರಿಂದ ಏನು ಸಿಗುತ್ತದೆ ಎಂಬುದನ್ನು 2015ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನ ನೇರವಾಗಿ ಪರೀಕ್ಷಿಸಿತು. ದಿಢೀರ್ ಸೊಂಟನೋವಿನಿಂದ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 323 ಜನರಿಗೂ ನ್ಯಾಪ್ರಾಕ್ಸೆನ್ ಕೊಟ್ಟು, ಒಂದು ಗುಂಪಿಗೆ ಹುಸಿ ಮಾತ್ರೆ, ಒಂದು ಗುಂಪಿಗೆ ಸೈಕ್ಲೊಬೆನ್ಜಪ್ರಿನ್, ಇನ್ನೊಂದಕ್ಕೆ ಅಫೀಮು ವರ್ಗದ ನೋವುನಿವಾರಕ ಕೊಟ್ಟರು. ವಾರದ ನಂತರ, ಏಳುವುದು, ಬಾಗುವುದು, ನಡೆಯುವುದು ಎಷ್ಟು ಸುಲಭವಾಗಿದೆ ಎಂದು 24 ಅಂಕಗಳ ಅಳತೆಯಲ್ಲಿ ನೋಡಿದಾಗ ಹುಸಿ ಮಾತ್ರೆಯವರು 9.8 ಅಂಕ, ಸೈಕ್ಲೊಬೆನ್ಜಪ್ರಿನ್‌ನವರು 10.1 ಅಂಕ ಸುಧಾರಿಸಿದ್ದರು. ಈ ವ್ಯತ್ಯಾಸ ರೋಗಿಯ ಅನುಭವಕ್ಕೆ ಬರುವಂಥದ್ದಲ್ಲ.

ಈ ರೂಢಿ ಎಲ್ಲಿ ಅಪಾಯಕ್ಕೆ ತಿರುಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮೈಸೂರಿನ ಎಪ್ಪತ್ತು ದಾಟಿದ ತಂದೆಯೊಬ್ಬರು ನ್ಯೂಜೆರ್ಸಿಯ ಮಗಳ ಮನೆಗೆ ಬಂದಿದ್ದಾರೆ. ಕಾಲುರಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ನುಂಗುತ್ತಾರೆ, ಪ್ರಾಸ್ಟೇಟ್ ದೊಡ್ಡದಾಗಿದ್ದಕ್ಕೆ ಟ್ಯಾಮ್ಸುಲೋಸಿನ್ ಇದೆ. ಸೂಟ್‌ಕೇಸ್ ಎತ್ತುವಾಗ ಸೊಂಟ ಹಿಡಿಯಿತು. ಊರಿನ ಮಾತ್ರೆಗಳ ಪಟ್ಟಿ ಜೊತೆಗಿರಲಿಲ್ಲ, ಅಲ್ಲಿನ ವೈದ್ಯರು ಸೈಕ್ಲೊಬೆನ್ಜಪ್ರಿನ್ 10 ಮಿಲಿಗ್ರಾಂ ಮೂರು ಹೊತ್ತು ಬರೆದರು. ಮೊದಲ ದಿನ ಊಟವಾದ ಮೇಲೆ ಗಾಢ ನಿದ್ದೆ. ಮನೆಯವರು ವಿಮಾನ ಪ್ರಯಾಣದ ಸುಸ್ತು, ಹಗಲು ರಾತ್ರಿ ಅದಲುಬದಲಾಗಿದೆ ಎಂದುಕೊಂಡರು. ಮೂರನೆಯ ದಿನ ಚಪಾತಿ ಗಂಟಲಲ್ಲಿ ಇಳಿಯುತ್ತಿಲ್ಲ, ರಾತ್ರಿ ನಾಲ್ಕು ಸಲ ಎದ್ದರೂ ಮೂತ್ರ ತೊಟ್ಟು ತೊಟ್ಟಾಗಿ ಬರುತ್ತಿದೆ, ಎದ್ದರೆ ತಲೆ ಸುತ್ತುತ್ತದೆ, ಮಗಳನ್ನು ತಂಗಿಯ ಹೆಸರಿನಿಂದ ಕರೆದರು.

ಪ್ರಯಾಣದ ನಿದ್ದೆಗೆಡುವಿಕೆ ಬಾಯನ್ನು ಇಷ್ಟು ಒಣಗಿಸುವುದಿಲ್ಲ, ಮೂತ್ರವನ್ನು ಕಟ್ಟುವುದಿಲ್ಲ. ಜೊಂಪು, ಒಣ ಬಾಯಿ, ಕಟ್ಟಿದ ಮೂತ್ರ, ಗೊಂದಲ ಇವೆಲ್ಲ ಒಟ್ಟಿಗೆ ಬಂದರೆ ಮೊದಲು ಔಷಧಿಗಳ ಕಡೆ ನೋಡಬೇಕು. ಇಲ್ಲಿ ಹೆಚ್ಚುಕಡಿಮೆ ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ ಕೊಟ್ಟಂತಾಗಿದೆ. 65 ದಾಟಿದವರ ದೇಹ ಸೈಕ್ಲೊಬೆನ್ಜಪ್ರಿನ್‌ಗೆ ಒಡ್ಡಿಕೊಳ್ಳುವ ಪ್ರಮಾಣ ಕಿರಿಯರಿಗಿಂತ ಸುಮಾರು 1.7 ಪಟ್ಟು, ಗಂಡಸರಲ್ಲಿ ಇನ್ನೂ ಹೆಚ್ಚು. ಅಮೆರಿಕದ ವೃದ್ಧವೈದ್ಯರ ಬೀರ್ಸ್ ಪಟ್ಟಿ ಹಿರಿಯರಿಗೆ ಇದನ್ನು ಕೊಡದಿರುವುದೇ ಮೇಲು ಎನ್ನುತ್ತದೆ. ಹೃದಯದ ಬಡಿತದ ಲಯ ತಪ್ಪಿದವರಿಗೆ, ಹೃದಯ ವೈಫಲ್ಯವಿರುವವರಿಗೆ, ಇತ್ತೀಚೆಗೆ ಹೃದಯಾಘಾತವಾದವರಿಗೆ ಕೊಡಲೇಬಾರದು. ಟ್ರೈಸೈಕ್ಲಿಕ್ ಗುಂಪಿನ ಹೃದಯದ ಅಪಾಯವೂ ಆ ರಚನೆಯೊಂದಿಗೇ ಬರುತ್ತದೆ.

ಬೇರೇನೂ ಔಷಧಿಯಿಲ್ಲದ, ನೋವಿನಿಂದ ರಾತ್ರಿ ಮಗ್ಗುಲು ಬದಲಿಸಲಾಗದ ಮೂವತ್ತೈದರ ವ್ಯಕ್ತಿಗೆ ಮಲಗುವ ಮುಂಚೆ 5 ಮಿಲಿಗ್ರಾಂ, ಮೂರು ನಾಲ್ಕು ರಾತ್ರಿ ಕೊಡುವುದನ್ನು ನಾನು ಸಮರ್ಥಿಸುತ್ತೇನೆ. ಅವರಿಗೆ ಆ ನಿದ್ದೆಯೇ ಉಪಕಾರ. ಆದರೂ ಬೆಳಿಗ್ಗೆ ಜೊಂಪು ಉಳಿದಿದ್ದರೆ ಕಾರು ಓಡಿಸಬಾರದು, ಮದ್ಯ ಮುಟ್ಟಬಾರದು. ಮೈಸೂರಿನ ತಂದೆಗಾದರೆ ಸೈಕ್ಲೊಬೆನ್ಜಪ್ರಿನ್ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು, ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಯ್ಯಬೇಕು. ಅಮಿಟ್ರಿಪ್ಟಿಲಿನ್ ಬಗ್ಗೆ ವೈದ್ಯರೇ ತೀರ್ಮಾನಿಸಲಿ. ಕಿಬ್ಬೊಟ್ಟೆ ಬಿಗಿದು ಮೂತ್ರ ಪೂರ್ತಿ ನಿಂತಿದ್ದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಕೊನೆಯ ಮಾತ್ರೆಯ ನಂತರವೂ ಔಷಧಿ ಪೂರ್ತಿ ಇಳಿಯಲು ಅವರ ವಯಸ್ಸಿನಲ್ಲಿ ಹಲವು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ರಾತ್ರಿ ಬಚ್ಚಲಿಗೆ ಹೋಗುವಾಗ ಯಾರಾದರೂ ಜೊತೆಗಿರಬೇಕು.