ಕಿರಿಯ ಎಚ್‌ಆರ್‌ಗೆ ಬರೆಯುವ ಪತ್ರ

ಪುರವರದಲ್ಲಿ ಓದಿರಲಿ, ಪಾವಗಡದಲ್ಲಿ ಓದಿರಲಿ, ಕನ್ನಡ ಶಾಲೆಯಲ್ಲಿ ಪತ್ರಲೇಖನ ಕಲಿತವರಿಗೆಲ್ಲ ಚೌಕಟ್ಟು ಒಂದೇ: ಇಂದ, ಗೆ, ಮಾನ್ಯರೇ, ವಿಷಯ, ಕೊನೆಗೆ ‘ಇತಿ ತಮ್ಮ ವಿಧೇಯ’. ತಾಲ್ಲೂಕು ಕಚೇರಿಗೆ ಇದು ಇವತ್ತಿಗೂ ನಡೆಯುತ್ತದೆ. ವಸಂತನರಸಾಪುರದ ಕಾರ್ಖಾನೆಗೋ ಬೆಂಗಳೂರಿನ ಕಂಪನಿಗೋ ಇಮೇಲ್ ಕಳಿಸುವಾಗ ತೊಡಕು ಶುರುವಾಗುತ್ತದೆ. ಅಲ್ಲಿ ಅರ್ಜಿ ನೋಡುವ ಎಚ್‌ಆರ್‌ಗೆ 25 ವರ್ಷವಿರಬಹುದು, 55 ಕೂಡ ಇರಬಹುದು.

ಈ ಚೌಕಟ್ಟಿನಲ್ಲಿ ಉಳಿಸಿಕೊಳ್ಳಲೇಬೇಕಾದದ್ದು ‘ಮಾನ್ಯರೇ’. ಓದುವವರು ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ತಿಳಿಯದಿದ್ದರೂ ಅದು ತಪ್ಪಾಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮವರು ‘ರೆಸ್ಪೆಕ್ಟೆಡ್ ಸರ್/ಮೇಡಂ’ ಎಂದು ಎರಡನ್ನೂ ಹಾಕಿಬಿಡುತ್ತಾರೆ. ಹತ್ತು ಕಡೆ ಕಳಿಸಿದ ಪತ್ರವಿದು ಎಂದು ಓದುವವರಿಗೆ ಅಲ್ಲೇ ಅನಿಸುತ್ತದೆ. ಹೆಸರು ಗೊತ್ತಿದ್ದರೆ ‘ಡಿಯರ್’ ಮುಂದೆ ಆ ಹೆಸರನ್ನೇ ಬರೆಯುವುದು ಮೇಲು.

ಒಂದು ಸಂದರ್ಭ ಇಟ್ಟುಕೊಳ್ಳೋಣ. ನಲವತ್ತೈದು ದಾಟಿದ ಅಕೌಂಟೆಂಟ್ ಒಬ್ಬರಿಗೆ ಉತ್ತರ ಬಂದಿದೆ: ‘ಹಾಯ್, ನಿಮ್ಮ ರೆಸ್ಯೂಮೆ ನೋಡಿದೆ. ಗುರುವಾರ ಮಾತಾಡೋಣವೇ? ಕಿರಣ್.’ ಫೋಟೋ ನೋಡಿದರೆ ಮಗನ ವಯಸ್ಸು. ಇಲ್ಲಿ ಎರಡು ಕಡೆಗೂ ಜಾರಬಹುದು. ‘ಮಾನ್ಯರೇ, ತಮ್ಮ ಕೃಪೆಯಿಂದ’ ಎಂದು ಶುರುಮಾಡಿದರೆ ಆ ಹುಡುಗನಿಗೆ ಮುಜುಗರ. ಚಿಕ್ಕವರ ಕೈಕೆಳಗೆ ಈ ಮನುಷ್ಯ ಸಹಜವಾಗಿ ಇರಬಲ್ಲನೇ ಎಂಬ ಅನುಮಾನವೂ ಹುಟ್ಟುತ್ತದೆ. ‘ಗುರುವಾರ ಫೋನ್ ಮಾಡಪ್ಪ’ ಎಂದರೆ, ಊರಿನಲ್ಲಿ ಪ್ರೀತಿಯಾಗಿ ಕೇಳಿಸುವ ಆ ‘ಅಪ್ಪ’ ಬರವಣಿಗೆಯಲ್ಲಿ ಹಿರಿತನದ ದರ್ಪವಾಗುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: ‘ನಮಸ್ಕಾರ ಕಿರಣ್, ಗುರುವಾರ 11 ಗಂಟೆಗೆ ನನಗೆ ಅನುಕೂಲ. ನಿಮ್ಮ ಕರೆಗೆ ಕಾಯುತ್ತಿರುತ್ತೇನೆ. ವಂದನೆಗಳು.’ ಕೆಳಗೆ ಪೂರ್ತಿ ಹೆಸರು, ಫೋನ್ ನಂಬರು. ‘ನಮಸ್ಕಾರ’ದಲ್ಲಿ ಗೌರವವಿದೆ, ಬರೀ ಹೆಸರಿನಲ್ಲಿ ಸಲಿಗೆಯಿದೆ, ‘ನಿಮ್ಮ’ ಎಂಬುದು ಎರಡನ್ನೂ ಹದದಲ್ಲಿಡುತ್ತದೆ.

ಹಿರಿಯ ಮ್ಯಾನೇಜರ್‌ಗೆ ಬರೆಯುವಾಗ ‘ಸರ್’ ಅಥವಾ ‘ಮೇಡಂ’ ಸೇರಲಿ, ‘ತಾವು’ ಬರಲಿ. ಆದರೆ ಬಂದ ‘ತಾವು’ ಆ ಪತ್ರದ ಕೊನೆಯವರೆಗೂ ಇರಬೇಕು. ಮೊದಲ ಸಾಲಿನಲ್ಲಿ ‘ತಮ್ಮ ಕಂಪನಿ’, ಮೂರನೆಯದರಲ್ಲಿ ‘ನಿಮ್ಮ ಕಂಪನಿ’ ಎಂದಾದರೆ ಆರಂಭದ ಗೌರವ ಯಾರದೋ ಪತ್ರದಿಂದ ನಕಲು ಮಾಡಿದಂತೆ ಕಾಣುತ್ತದೆ. ಅವರೇ ‘ಹಾಯ್’ ಎಂದು ಬರೆದರೂ ನಾವು ತಕ್ಷಣ ‘ಹಾಯ್’ಗೆ ಇಳಿಯಬೇಕಿಲ್ಲ, ಮುಂದಿನ ಪತ್ರದಲ್ಲಿ ‘ತಾವು’ ಬಿಟ್ಟು ‘ನೀವು’ ಹಿಡಿದು, ‘ಸರ್’ ಉಳಿಸಿಕೊಂಡರಾಯಿತು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಲೀಸಾಗಿ ನಡೆಯುವ ‘ಅಣ್ಣ’, ‘ಅಕ್ಕ’ ಇಲ್ಲಿಗೆ ಬೇಡ.

ಶಾಲೆಯ ಚೌಕಟ್ಟಿನಲ್ಲಿ ನನ್ನ ನಿಜವಾದ ತಕರಾರು ಮುಕ್ತಾಯದ ಮೇಲೆ. ‘ತಮ್ಮ ವಿಧೇಯ’ ಎಂಬುದು ಮಕ್ಕಳ ರಜಾ ಅರ್ಜಿಯ ಮಾತು. ಇಪ್ಪತ್ತು ವರ್ಷ ಲೆಕ್ಕ ಬರೆದ ಅನುಭವಸ್ಥರು ಕೆಲಸ ಕೇಳುವಾಗ ವಿಧೇಯತೆಯ ಭಾಷೆ ಕೊಡಬೇಕಾಗಿಲ್ಲ. ‘ವಂದನೆಗಳೊಂದಿಗೆ’ ಎಂದು ಬರೆದು ಸಹಿ ಹಾಕಿದರೆ 25ರವರಿಗೂ ಸಲ್ಲುತ್ತದೆ, 55ರವರಿಗೂ ಸಲ್ಲುತ್ತದೆ.